ಮುತ್ಯಾಗೂ ಮಗನಿಗೂ ಹಾಲು-ತತ್ತಿ: ಹಸಿಯಾಗಿ ಕೊಡಬಹುದೇ?

ಪ್ರಶ್ನೆ: ನಮ್ಮದು ಮುಧೋಳ ಕಡೆ. ಮನ್ಯಾಗ ಮುತ್ಯಾಗ 76 ವರ್ಷ, ಮಗನಿಗೆ 4. ಇಬ್ಬರಿಗೂ ಶಕ್ತಿ ಬರ್ಲಿ ಅಂತ ಬಿಸಿ ಹಾಲಿನ್ಯಾಗ ಜವಾರಿ ತತ್ತಿ ಒಡೆದು ಕಲಸಿ ಕೊಡ್ತಾರ. ಹಾಲು ಬಿಸಿ ಇರ್ತದಲ್ಲ, ಅಷ್ಟು ಸಾಕಲ್ಲೇನ್ರಿ?

ಉತ್ತರ: ಸಾಲದು. ಲೆಕ್ಕ ಹಾಕಿ ನೋಡಿ. ಕುಡಿಯುವಷ್ಟು ಬಿಸಿ ಅಂದರೆ ಹಾಲು ಸುಮಾರು 60 ಡಿಗ್ರಿ ಇರುತ್ತದೆ. 200 ಮಿಲಿ ಹಾಲಿಗೆ 28 ಡಿಗ್ರಿಯಲ್ಲಿರುವ 50 ಗ್ರಾಂ ತತ್ತಿ ಬಿದ್ದರೆ ಒಟ್ಟು ಬಿಸಿ 54ರ ಆಸುಪಾಸಿಗೆ ಇಳಿಯುತ್ತದೆ, ಸ್ಟೀಲ್ ಲೋಟ ಇನ್ನಷ್ಟು ಎಳೆದುಕೊಳ್ಳುತ್ತದೆ. ತತ್ತಿಯೊಳಗೆ ಸಾಲ್ಮೊನೆಲ್ಲಾ ಎಂಬ ರೋಗಾಣು ಇದ್ದರೆ ಅದು ಬೇಗ ಸಾಯಲು ಪಾನೀಯವೆಲ್ಲ 71 ಡಿಗ್ರಿ ಮುಟ್ಟಬೇಕು. ಕುದಿಯುವ ಹಾಲನ್ನೇ ಸುರಿದರೆ ಅಷ್ಟು ಬಿಸಿ ಸಿಗಬಹುದು, ಆದರೆ ಬಿಳಿ ಭಾಗ ನೂಲುನೂಲಾಗುತ್ತದೆ. ಯಾರಿಗೂ ಅದು ಸೇರುವುದಿಲ್ಲ, ಹಾಗಾಗಿ ಹಾಲು ಆರಿಸಿ ಹಾಕುತ್ತಾರೆ. ನೂಲು ಬರಬಾರದೆಂದು ಮಾಡುವ ಆ ಜಾಗ್ರತೆಯಿಂದಲೇ ತತ್ತಿ ಹಸಿಯಾಗಿ ಉಳಿಯುತ್ತದೆ.

ಜವಾರಿ ತತ್ತಿ ಆದ್ದರಿಂದ ಭಯವಿಲ್ಲ ಎನ್ನುವುದೂ ನಿಜವಲ್ಲ. ಸೋಂಕು ಕೋಳಿಯಲ್ಲೇ ಇದ್ದರೆ ಸಿಪ್ಪೆ ಕಟ್ಟುವ ಮೊದಲೇ ಒಳಗೆ ಸೇರಿರುತ್ತದೆ, ಹೊರಗಿಂದ ತೊಳೆದರೆ ಹೋಗುವುದಿಲ್ಲ. ನೀರಿನಲ್ಲಿ ಮುಳುಗಿಸಿ ನೋಡುವ ಪರೀಕ್ಷೆ ತತ್ತಿ ಹಳೆಯದೋ ಹೊಸದೋ ಎಂದಷ್ಟೇ ಹೇಳುತ್ತದೆ. ಥಂಡಿಗೆಂದು ಒಂದು ಮುಚ್ಚಳ ಬ್ರಾಂಡಿ ಹಾಕುವವರಿದ್ದಾರೆ. ಅಷ್ಟರಿಂದ ಏನೂ ಸಾಯುವುದಿಲ್ಲ, ಮಗುವಿಗಂತೂ ಅದು ಬೇಡವೇ ಬೇಡ. ಗರಡಿಮನಿ ಪೈಲ್ವಾನರು ಹಸಿಯಾಗಿ ಕುಡಿದು ದಕ್ಕಿಸಿಕೊಂಡಿರಬಹುದು. ಆದರೆ ಐದರೊಳಗಿನ ಮಕ್ಕಳು, 65 ದಾಟಿದವರು, ಬಸುರಿಯರಿಗೆ ಇದೇ ಸೋಂಕು ಹೆಚ್ಚು ತ್ರಾಸು ಕೊಡುತ್ತದೆ. ಇನ್ನು ಶಕ್ತಿಯ ಮಾತು: ಬೆಂದ ತತ್ತಿಯ ಪ್ರೋಟೀನ್ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಮೈಗೆ ಹತ್ತಿದರೆ ಹಸಿಯದು ಅರ್ಧದಷ್ಟೇ. ಬೇಯಿಸಿದರೆ ಸತ್ವ ಹೋಗುತ್ತದೆ ಎಂಬುದು ತಿರುಗುಮುರುಗು ತಿಳುವಳಿಕೆ.

ಹಾಗಾದರೆ ಬೇಯಿಸಿಯೇ ಮಾಡಿ. ಇಬ್ಬರಿಗೆ 400 ಮಿಲಿ ಹಾಲು, ಎರಡು ತತ್ತಿ, ಎರಡು ಚಮಚ ಸಕ್ಕರೆ, ಚಿಟಿಕೆ ಉಪ್ಪು, ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರ್. ಥರ್ಮಾಮೀಟರ್ ಇಲ್ಲದ ಮನೆಗೆ ಈ ಕಾರ್ನ್‌ಫ್ಲೋರೇ ಮುಖ್ಯ. ಬರೀ ತತ್ತಿ-ಹಾಲು 85 ಡಿಗ್ರಿಯ ಹತ್ತಿರ ಒಡೆದು ಗಂಟಾಗುತ್ತದೆ. ಹಿಟ್ಟು ಇದ್ದರೆ ಒಂದು ಕುದಿಯನ್ನು ತಡೆಯುತ್ತದೆ, ಆ ಕುದಿ ಕಂಡರೆ 71 ದಾಟಿದೆಯೋ ಇಲ್ಲವೋ ಎಂದು ಊಹಿಸಬೇಕಾಗಿಲ್ಲ.

ತತ್ತಿ, ಸಕ್ಕರೆ, ಉಪ್ಪು, ಕಾರ್ನ್‌ಫ್ಲೋರ್ ಎಲ್ಲವನ್ನೂ ನಾಲ್ಕು ಚಮಚ ತಣ್ಣನೆ ಹಾಲಿನಲ್ಲಿ ಗಂಟಿಲ್ಲದಂತೆ ಕಡೆದು ಸೋಸಿ. ಸೋಸಿದಾಗ ಬಿಳಿ ಭಾಗದ ಗಟ್ಟಿ ಎಳೆಗಳು ಜರಡಿಯಲ್ಲೇ ನಿಲ್ಲುತ್ತವೆ. ಉಳಿದ ಹಾಲನ್ನು ದಪ್ಪ ತಳದ ಬೋಗುಣಿಯಲ್ಲಿ ಹಬೆ ಏಳುವತನಕ ಕಾಯಿಸಿ, ಒಂದು ಸೌಟು ತೆಗೆದು ತತ್ತಿಗೆ ಸಣ್ಣ ಧಾರೆಯಾಗಿ ಹಾಕುತ್ತ ಬಿಡದೆ ಕಲಕಿ. ಇನ್ನೊಂದು ಸೌಟು ಹಾಗೆಯೇ. ಆಮೇಲೆ ಅದೆಲ್ಲವನ್ನೂ ಬೋಗುಣಿಗೆ ಸುರಿದು ಸಣ್ಣ ಉರಿಯಲ್ಲಿ ತಿರುವಿ. ಕಟ್ಟಿಗೆ ಚಮಚ ತಳವನ್ನೂ ಮೂಲೆಯನ್ನೂ ಕೆರೆಯುತ್ತಿರಬೇಕು, ಮೊದಲು ಗಂಟಾಗುವುದು ಅಲ್ಲೇ. ಐದಾರು ನಿಮಿಷಕ್ಕೆ ಮೇಲಿನ ನೊರೆ ಅಡಗುತ್ತದೆ, ಚಮಚದ ಬೆನ್ನಿಗೆ ತೆಳ್ಳಗೆ ಪದರ ಹಿಡಿಯುತ್ತದೆ. ನಡುವೆ ಒಂದೆರಡು ಗುಳ್ಳೆ ಬುಳಕ್ ಎಂದ ಮೇಲೆ ಇನ್ನೊಂದು ನಿಮಿಷ ತಿರುವಿ ಇಳಿಸಿ. ಈ ಕೊನೆಯ ನಿಮಿಷ ಬಿಟ್ಟರೆ ಹಳದಿ ಭಾಗದಲ್ಲಿನ ಕಿಣ್ವ ಹಿಟ್ಟನ್ನು ಕರಗಿಸುತ್ತ ಹೋಗಿ, ಆರಿದ ಮೇಲೆ ಮತ್ತೆ ನೀರಾಗುತ್ತದೆ.

ಏಲಕ್ಕಿ, ಚೂರು ಜಾಜಿಕಾಯಿ ಇಳಿಸಿದ ಮೇಲೆ. ಮಹಾಲಿಂಗಪುರದ ಬೆಲ್ಲವೇ ಬೇಕೆಂದರೆ ಸಕ್ಕರೆ ಬಿಟ್ಟು, ಪಾನೀಯ ಕುಡಿಯುವ ಹದಕ್ಕೆ ಆರಿದಾಗ ಪುಡಿ ಮಾಡಿ ಕಲಸಿ. ಒಲೆಯ ಮೇಲೆ ಹಾಕಿದರೆ ಬೆಲ್ಲದ ಹುಳಿಗೆ ಹಾಲು ಒಡೆಯುತ್ತದೆ. ಗಂಟಾಗಿಬಿಟ್ಟರೆ ಚೆಲ್ಲಬೇಡಿ: ಅದು ಬೆಂದದ್ದಕ್ಕೇ ಗಂಟಾಗಿದೆ, ಮಿಕ್ಸರ್‌ಗೆ ಹಾಕಿ ಸೋಸಿದರೆ ಆಯಿತು. ಇಷ್ಟು ತಿರುವುವ ಪುರಸೊತ್ತಿಲ್ಲದ ದಿನ 12 ನಿಮಿಷ ಕುದಿಸಿದ ತತ್ತಿಯನ್ನು ಬಿಸಿ ಹಾಲಿನ ಜೊತೆ ಮಿಕ್ಸರ್‌ನಲ್ಲಿ ತಿರುಗಿಸಿ. ಸ್ವಲ್ಪ ತರಿತರಿ ಎನಿಸುತ್ತದೆ, ಆದರೆ ಹಸಿ ಉಳಿಯುವ ಮಾತೇ ಇಲ್ಲ.

ನಮ್ಮ ಕಡೆಯ ಬೇಸಿಗೆಯಲ್ಲಿ ಒಂದು ತಾಸಿನೊಳಗೆ ಕುಡಿದು ಮುಗಿಸಿ. ಉಳಿದರೆ ಫ್ರಿಜ್‌ನಲ್ಲಿಟ್ಟು ಮರುದಿನ ಹಬೆಯಾಡುವಷ್ಟು ಕಾಯಿಸಿಯೇ ಕೊಡಿ. ಹಸಿ ತತ್ತಿ ಮುಟ್ಟಿದ ಚಮಚದಿಂದ ಬೆಂದದ್ದನ್ನು ಕಲಕಬೇಡಿ. ಈಗಾಗಲೇ ಹಸಿಯಾಗಿ ಕುಡಿದಿದ್ದರೆ ಮೂರು ದಿನ ಗಮನವಿಡಿ. ಜ್ವರ, ಹೊಟ್ಟೆ ನುಲಿತ, ಭೇದಿ ಸಾಮಾನ್ಯವಾಗಿ ಆ ಅವಧಿಯಲ್ಲಿ ಶುರುವಾಗುತ್ತವೆ. ಭೇದಿಯಲ್ಲಿ ರಕ್ತ ಕಂಡರೆ, ಮಗು ಉಚ್ಚೆ ಹೊಯ್ಯುವುದು ಕಡಿಮೆಯಾದರೆ, ಮುತ್ಯಾ ಮಂಕಾದರೆ ಓಆರ್‌ಎಸ್ ಕುಡಿಸುತ್ತಲೇ ದವಾಖಾನೆಗೆ ಕರೆದೊಯ್ಯಿರಿ.