ನಾಲ್ಕೂ ಸ್ಕೋರ್ ಒಂದೇ ಹಾಳೆಗೆ ಬರಲಿ, ಒಂದೇ ಅಂಕಕ್ಕೆ ಬೇಡ

"ನಮ್ಮ ಹಗಲು ಆರೈಕೆ ಕೇಂದ್ರದಲ್ಲಿ ಹಿರಿಯರಿಗೆ ಬೀಳುವ ಅಪಾಯಕ್ಕೆ ಮೋರ್ಸ್, ನೆನಪಿಗೆ ಮಿನಿ-ಕಾಗ್, ನಡಿಗೆಗೆ ಟಗ್, ಪೋಷಣೆಗೆ ಎಂಎನ್‌ಎ ಶಾರ್ಟ್ ಫಾರ್ಮ್ ಮಾಡ್ತೀವಿ. ನಾಲ್ಕನ್ನೂ ಸೇರಿಸಿ ಒಂದು ಹಾಳೆ ಬೇಕು, ಕೊನೆಗೆ ನೂರಕ್ಕೆ ಇಷ್ಟು ಅಂತ ಒಂದು ಅಂಕ. ಸ್ಪ್ರೆಡ್‌ಶೀಟ್‌ನಲ್ಲಿ ಹೇಗೆ ಮಾಡೋದು?"

ಹಾಳೆ ಮಾಡಿ ಅಕ್ಕಾ, ಆ ಕೊನೆಯ ಅಂಕ ಮಾತ್ರ ಬಿಟ್ಟುಬಿಡಿ. ಅದರ ಬದಲು ಒಂದೊಂದು ಸ್ಕೋರ್‌ಗೂ ಕೆಂಪು, ಹಳದಿ, ಹಸಿರು ಅಂತ ಬೇರೆ ಬೇರೆ ಬಣ್ಣ ಕೊಡಿ. ಮೋರ್ಸ್ ಮತ್ತು ಟಗ್ ಏರಿದಷ್ಟೂ ಕೆಟ್ಟದ್ದು. ಮಿನಿ-ಕಾಗ್ ಮತ್ತು ಎಂಎನ್‌ಎ ಏರಿದಷ್ಟೂ ಒಳ್ಳೆಯದು. ಟಗ್ ಅಂತೂ ಅಂಕವೇ ಅಲ್ಲ, ಕುರ್ಚಿಯಿಂದ ಎದ್ದು ನಡೆದು, ತಿರುಗಿ ಬಂದು ಕೂರಲು ಹಿಡಿಯುವ ಸೆಕೆಂಡು.

ಎಲ್ಲವನ್ನೂ ಶೇಕಡಾಕ್ಕೆ ತಿರುಗಿಸಿ ಸರಾಸರಿ ತೆಗೆಯಿರಿ ಅಂತ ಮೇಲೆ ಒಬ್ಬರು ಹೇಳಿದ್ದಾರೆ. ಮೋರ್ಸ್ ಮತ್ತು ಟಗ್ ಎರಡನ್ನೂ ಉಲ್ಟಾ ಮಾಡಿಕೊಂಡರೆ ದಿಕ್ಕಿನ ತೊಂದರೆ ಹೋಗುತ್ತದೆ, ಅಷ್ಟರ ಮಟ್ಟಿಗೆ ಸರಿ. ಆದರೆ ಒಬ್ಬ ಅಜ್ಜನನ್ನು ನೋಡಿ. ಮಿನಿ-ಕಾಗ್ 5ಕ್ಕೆ 5, ಎಂಎನ್‌ಎ 14ಕ್ಕೆ 6. ಶೇಕಡಾ 100 ಮತ್ತು 43, ಸರಾಸರಿ 71. ನೋಡಲು ಪರವಾಗಿಲ್ಲ ಅನಿಸುತ್ತದೆ, ಅಲ್ವಾ? ಎಂಎನ್‌ಎ 7 ಅಥವಾ ಅದಕ್ಕಿಂತ ಕಡಿಮೆ ಅಂದರೆ ಆತ ಆಗಲೇ ಅಪೌಷ್ಟಿಕತೆಯಲ್ಲಿದ್ದಾನೆ. ಚೆನ್ನಾಗಿರುವ ನೆನಪು ಆತನ ಸೊರಗಿದ ಮೈಯನ್ನು ಮುಚ್ಚಿಹಾಕಿತು.

ಒಂದೇ ಅಂಕ ಕೊಡುವ ಪದ್ಧತಿ ಇದೆಯಲ್ಲ, ಎಂಪಿಐ ಅಂತ, ಎಂದು ಡಾಕ್ಟರ್ ಕೇಳಿದ್ದಾರೆ. ಇದೆ ಸರ್. 2008ರಲ್ಲಿ ಇಟಲಿಯ ವೈದ್ಯರು ಪ್ರಕಟಿಸಿದ್ದು. ಎಂಟು ವಿಷಯಕ್ಕೆ ತಲಾ 0, 0.5 ಅಥವಾ 1 ಕೊಟ್ಟು ಸರಾಸರಿ ತೆಗೆಯುತ್ತಾರೆ. ಆದರೆ ಅದನ್ನು ಕಟ್ಟಿದ್ದು ಸಾವಿನ ಅಪಾಯ ಅಂದಾಜು ಮಾಡಲು. ಆ ಎಂಟರಲ್ಲಿ ಬೀಳುವಿಕೆ ಇಲ್ಲವೇ ಇಲ್ಲ. ಸೋಮವಾರ ಬೆಳಿಗ್ಗೆ ಯಾರನ್ನು ಫಿಸಿಯೋ ಹತ್ತಿರ ಕಳಿಸಬೇಕು ಅಂತ ಅದು ಹೇಳುವುದಿಲ್ಲ.

ಇನ್ನು ಯಾರೂ ಎತ್ತದ ವಿಷಯ: ಈ ಸ್ಕೋರ್‌ಗಳು ಒಂದರೊಳಗೊಂದು ಸೋರುತ್ತವೆ. ಎಂಎನ್‌ಎ ಫಾರ್ಮ್ ತೆಗೆದು ನೋಡಿ. ಆರು ಪ್ರಶ್ನೆಗಳಲ್ಲಿ ಒಂದು ಓಡಾಟದ್ದು, ಇನ್ನೊಂದು ಮರೆವು ಮತ್ತು ಖಿನ್ನತೆಯದ್ದು. ಅಂದರೆ ನಡಿಗೆ ಕುಗ್ಗಿದವರಿಗೆ ಟಗ್‌ನಲ್ಲೂ ಪೆಟ್ಟು, ಪೋಷಣೆಯಲ್ಲೂ ಪೆಟ್ಟು. ಕೂಡಿಸಿದರೆ ಒಂದೇ ತೊಂದರೆಯನ್ನು ಎರಡು ಸಲ ಎಣಿಸಿದ ಹಾಗೆ. ತೂಕದ ಪ್ರಶ್ನೆ ಇನ್ನೂ ಮೋಜಿನದು. ಮೂರು ತಿಂಗಳಲ್ಲಿ ತೂಕ ಇಳಿದಿಲ್ಲ ಅಂದರೆ 3, "ಗೊತ್ತಿಲ್ಲ" ಅಂದರೆ 1. ಮರೆವಿರುವವರು ಸಹಜವಾಗಿ ಗೊತ್ತಿಲ್ಲ ಅನ್ನುತ್ತಾರೆ. ಇದ್ದಕ್ಕಿದ್ದಂತೆ ಪೋಷಣೆಯ ಸ್ಕೋರ್ ಎರಡು ಇಳಿಯಿತು! ಹಾಗಾಗಿ ಪ್ರತಿ ತಿಂಗಳು ತೂಕದ ಯಂತ್ರದ ಮೇಲೆ ನಿಲ್ಲಿಸಿ ಬರೆದಿಡಿ. ಆಗ ಆ ಪ್ರಶ್ನೆ ಅವರನ್ನು ಕೇಳುವ ಅಗತ್ಯವೇ ಬರುವುದಿಲ್ಲ.

ಇದೇ ಕಾರಣಕ್ಕೆ ನಾನು ಮಿನಿ-ಕಾಗ್ ಮೊದಲು ಮಾಡುತ್ತೇನೆ. ಕನ್ನಡಕ, ಕಿವಿಯ ಯಂತ್ರ ಹಾಕಿಸಿದ ಮೇಲೆ. 3ಕ್ಕಿಂತ ಕಡಿಮೆ ಬಂದರೆ "ಎಷ್ಟು ಸಲ ಬಿದ್ದಿರಿ" ಅನ್ನುವುದಕ್ಕೆ ಅವರ ಉತ್ತರ ಒಂದನ್ನೇ ನಂಬುವುದಿಲ್ಲ, ಜೊತೆಯಲ್ಲಿರುವವರನ್ನೂ ಕೇಳುತ್ತೇನೆ. ಹಾಳೆಯಲ್ಲಿ "ಉತ್ತರ ಕೊಟ್ಟವರು ಯಾರು" ಅಂತ ಒಂದು ಕಾಲಂ ಇಡಿ. ಬಣ್ಣದ ಕಾಲಂಗಿಂತ ನನಗೆ ಜಾಸ್ತಿ ಉಪಯೋಗಕ್ಕೆ ಬಂದಿರುವುದು ಅದು.

ಮೋರ್ಸ್ ಬಗ್ಗೆ ಒಂದು ಮಾತು. ಅದು ಆಸ್ಪತ್ರೆಯ ವಾರ್ಡಿಗೆ ಮಾಡಿದ್ದು. ಡ್ರಿಪ್ ಹಾಕಿದ್ದರೆ 20 ಅಂಕ ಅಂತ ಇದೆ, ನಿಮ್ಮ ಕೇಂದ್ರದಲ್ಲಿ ಅದಕ್ಕೇನು ಕೆಲಸ? ಅದರ ಬದಲು ಸುಮ್ನೆ ನೇರವಾಗಿ ಕೇಳಿ. ಕಳೆದ ಒಂದು ವರ್ಷದಲ್ಲಿ ಎಷ್ಟು ಸಲ ಬಿದ್ದರು, ಗಾಯವಾಯಿತೇ, ತಾವಾಗಿ ಎದ್ದರೇ, ಪ್ರಜ್ಞೆ ತಪ್ಪಿತ್ತೇ. ಎರಡು ಸಲ ಅಥವಾ ಅದಕ್ಕೂ ಹೆಚ್ಚು ಬಿದ್ದಿದ್ದರೆ ಕೆಂಪು. ಗಾಯ, ಏಳಲಾಗದಿದ್ದದ್ದು, ಪ್ರಜ್ಞೆ ತಪ್ಪಿದ್ದು, ಇವುಗಳಲ್ಲಿ ಒಂದಿದ್ದರೂ ಕೆಂಪು. ಹಿರಿಯರು ಬೀಳುವುದನ್ನು ತಡೆಯುವ 2022ರ ಜಾಗತಿಕ ಮಾರ್ಗಸೂಚಿಯೂ ಹೆಚ್ಚುಕಡಿಮೆ ಈ ದಾರಿಯಲ್ಲೇ ಇದೆ.

ಈಗ ಸ್ಪ್ರೆಡ್‌ಶೀಟ್. ಇಲ್ಲಿ ನಾನೇ ಎಡವಿದ್ದೆ. ಟಗ್ 12 ಸೆಕೆಂಡು ಅಥವಾ ಮೇಲಿದ್ದರೆ ಕೆಂಪು, ಇಲ್ಲದಿದ್ದರೆ ಹಸಿರು ಅಂತ ಬರೆದಿದ್ದೆ. ಒಬ್ಬರಿಗೆ ಕುರ್ಚಿಯಿಂದ ಏಳಲಿಕ್ಕೇ ಆಗಲಿಲ್ಲ. ಸಿಸ್ಟರ್ ಆ ಕೋಶ ಖಾಲಿ ಬಿಟ್ಟರು. ಖಾಲಿ ಕೋಶವನ್ನು ಯಂತ್ರ ಸೊನ್ನೆ ಅಂತ ಓದಿತು, ಸೊನ್ನೆ 12ಕ್ಕಿಂತ ಕಡಿಮೆ, ಬಂತು ಹಸಿರು. ಇಡೀ ಪಟ್ಟಿಯಲ್ಲಿ ಅತಿ ದುರ್ಬಲರಾಗಿದ್ದವರು ಅವರು. ಎರಡು ವಾರ ಯಾರಿಗೂ ಗೊತ್ತಾಗಲಿಲ್ಲ. ಎಂಎನ್‌ಎಯಲ್ಲಿ ಇದು ಉಲ್ಟಾ ಆಗುತ್ತದೆ, ಖಾಲಿ ಬಿಟ್ಟರೆ ಕೆಂಪು ಬರುತ್ತದೆ. ಈಗ ಹೀಗೆ ಬರೆಯುತ್ತೇನೆ, C ಟಗ್, D ಎಂಎನ್‌ಎ:

```
=IF(C2="","ಮಾಡಿಲ್ಲ",IF(ISTEXT(C2),"ಕೆಂಪು",IF(C2>=12,"ಕೆಂಪು","ಹಸಿರು")))
=IF(ISNUMBER(D2),IF(D2<=7,"ಕೆಂಪು",IF(D2<=11,"ಹಳದಿ","ಹಸಿರು")),"ಮಾಡಿಲ್ಲ")
```

ಏಳಲಾಗದಿದ್ದರೆ ಟಗ್ ಕೋಶದಲ್ಲಿ "ಏಳಲಾಗಲಿಲ್ಲ" ಅಂತ ಅಕ್ಷರದಲ್ಲೇ ಬರೆಯಿರಿ, ಕೆಂಪು ಬರುತ್ತದೆ. ಅವತ್ತು ಸಮಯ ಸಿಗದೆ ಮಾಡದಿದ್ದರೆ ಮಾತ್ರ ಖಾಲಿ ಬಿಡಿ. ಎರಡಕ್ಕೂ ಅಜಗಜಾಂತರ. 12ರ ಬದಲು 13.5 ಇಟ್ಟುಕೊಳ್ಳುವವರೂ ಇದ್ದಾರೆ. ಯಾವುದಾದರೂ ಒಂದನ್ನು ಹಿಡಿದು ಹಾಳೆಯ ಕೆಳಗೆ ಬರೆದಿಡಿ. ಬಣ್ಣದ ಪಕ್ಕದಲ್ಲೇ ಮೂಲ ಸಂಖ್ಯೆಯೂ ಇರಲಿ, 12 ಸೆಕೆಂಡು ಮತ್ತು 35 ಸೆಕೆಂಡು ಎರಡೂ ಕೆಂಪೇ ಆದರೂ ಒಂದೇ ಅಲ್ಲ.

ಒಬ್ಬ ಅಜ್ಜಿಯ ಹಾಳೆ ಹೇಳುತ್ತೇನೆ, ವಯಸ್ಸು 78. ಮಿನಿ-ಕಾಗ್‌ನಲ್ಲಿ ಮೂರು ಪದಗಳಲ್ಲಿ ಎರಡು ನೆನಪಿತ್ತು, ಗಡಿಯಾರ ಬಿಡಿಸಿದ್ದು ತಪ್ಪಿತು, ಒಟ್ಟು 2. ತಾವು ಬಿದ್ದೇ ಇಲ್ಲ ಅಂದರು. ಮಗಳು ಎರಡು ಸಲ ಅಂದಳು, ಎರಡೂ ರಾತ್ರಿ ಬಚ್ಚಲಿಗೆ ಹೋಗುವಾಗ. ಟಗ್ ಕೋಲು ಹಿಡಿದು 19 ಸೆಕೆಂಡು, ತಿರುಗುವಾಗ ತಡವರಿಸಿದರು. ಎಂಎನ್‌ಎಯಲ್ಲಿ ಊಟ ಸ್ವಲ್ಪ ಕಡಿಮೆ 1, ತೂಕ ಎರಡು ಕಿಲೋ ಇಳಿಕೆ 2, ಮನೆಯೊಳಗಷ್ಟೇ ಓಡಾಟ 1, ಇತ್ತೀಚೆಗೆ ದೊಡ್ಡ ಕಾಯಿಲೆ ಇಲ್ಲ 2, ಮರೆವಿನ ಪ್ರಶ್ನೆಗೆ 2, ಬಿಎಂಐ 22ಕ್ಕೆ 2. ಒಟ್ಟು 10, ಹಳದಿ.

ಮಿನಿ-ಕಾಗ್ ಕಡಿಮೆ ಬಂದಿದೆಯಲ್ಲ, ಮರೆವಿನ ಪ್ರಶ್ನೆಗೆ 1 ಹಾಕಬಾರದಾ ಅಂತ ಸಿಸ್ಟರ್ ಕೇಳಿದರು. ಬೇಡ ಅಂದೆ. ಮಿನಿ-ಕಾಗ್ ಬರೀ ಜರಡಿ. ಡಿಮೆನ್ಷಿಯಾ ಹೌದೋ ಅಲ್ಲವೋ ಹೇಳುವುದು ಡಾಕ್ಟರ ಕೆಲಸ. ಅವರು ಹೇಳುವವರೆಗೆ 2 ಇರಲಿ. ಅಮ್ಮನಿಗೆ ಮಿನಿ-ಕಾಗ್ 2 ಬಂದಿದೆ, ಯಾವ ಮಾತ್ರೆ ಅಂತ ಕೆಳಗೆ ಕೇಳಿದವರಿಗೂ ಇದೇ ಉತ್ತರ. ಮೊದಲು ಡಾಕ್ಟರಿಗೆ ತೋರಿಸಿ.

ಆ ಅಜ್ಜಿಯ ನಾಲ್ಕು ಸಾಲನ್ನು ಒಟ್ಟಿಗೆ ಓದಿದಾಗಲೇ ಕೆಲಸ ಏನೆಂದು ಕಂಡಿದ್ದು. ರಾತ್ರಿ ಬೀಳುತ್ತಾರೆ, ನಡಿಗೆ ನಿಧಾನ, ಹೇಳಿದ ಸೂಚನೆ ನೆನಪಿರುವುದಿಲ್ಲ. "ಎದ್ದ ತಕ್ಷಣ ನಡೆಯಬೇಡಿ" ಅಂತ ಅವರಿಗೆ ಹೇಳಿ ಪ್ರಯೋಜನವಿಲ್ಲ. ಬಚ್ಚಲ ದಾರಿಗೆ ದೀಪ ಹಾಕಿಸಬೇಕು. ನಿಂತಾಗ ಬಿಪಿ ಇಳಿಯುತ್ತದೆಯೇ ನೋಡಬೇಕು. ರಾತ್ರಿಯ ಮಾತ್ರೆಗಳನ್ನು ಡಾಕ್ಟರಿಗೆ ತೋರಿಸಬೇಕು. ಅಭ್ಯಾಸಗಳನ್ನು ಫಿಸಿಯೋ ಮಗಳಿಗೂ ಕಲಿಸಬೇಕು.

ಓದು ಬರಹ ಬಾರದವರಿಗೆ ಗಡಿಯಾರ ಬಿಡಿಸಲು ಕೊಡುವುದು ನನಗೆ ಇನ್ನೂ ಸರಿ ಕಾಣುವುದಿಲ್ಲ. ಪೆನ್ನು ಹಿಡಿದೇ ಗೊತ್ತಿಲ್ಲದವರು ಸೊನ್ನೆ ತೆಗೆದರೆ ಅದನ್ನು ಮರೆವು ಅನ್ನಲಾದೀತೇ? ನಾನು "ಶಾಲೆಗೆ ಹೋಗಿಲ್ಲ" ಅಂತ ಪಕ್ಕದಲ್ಲಿ ಬರೆದು ಬಣ್ಣ ಹಾಕದೆ ಬಿಡುತ್ತೇನೆ. ನೀವೆಲ್ಲ ಏನು ಮಾಡುತ್ತೀರಿ? ಡಾಕ್ಟರ್, ನೀವೂ ಹೇಳಿ.

ಅಪ್ಪನಿಗೆ ವಾಕರ್ ಯಾವುದು ಒಳ್ಳೆಯದು ಅಂತ ಕೇಳಿದ ಅಣ್ಣ, ಅದಕ್ಕೆ ಬೇರೆ ಪೋಸ್ಟ್ ಹಾಕಿ. ಅಪ್ಪ ಯಾವ ಕಡೆ ವಾಲುತ್ತಾರೆ ಅನ್ನುವುದನ್ನೂ ಬರೆಯಿರಿ.