ರೂಟ್ ಕೆನಾಲ್‌ಗೆ ಹೆದರುವವರಿಗೆ ಒಂದು ನಿಮಿಷದ ವಿಡಿಯೋ

ಪ್ರಶ್ನೆ: ನಾನು ಹಲ್ಲಿನ ಡಾಕ್ಟರ್. ರೂಟ್ ಕೆನಾಲ್ ಅಂದರೆ ಸಾಕು, ಪೇಷೆಂಟ್‌ಗಳು ಹೆದರಿ ವಾಪಸ್ ಹೋಗ್ತಾರೆ. ಅವರಿಗಾಗಿ ಕನ್ನಡದಲ್ಲಿ ಒಂದು ನಿಮಿಷದ ವಿಡಿಯೋ ಮಾಡಬೇಕು. ಸ್ಕ್ರಿಪ್ಟ್ ಹೇಗೆ ಬರೆಯಲಿ?

"ಸ್ವಲ್ಪವೂ ನೋವಾಗಲ್ಲ" ಅನ್ನುವ ಸಾಲು ಬರೆದಿದ್ದರೆ ಮೊದಲು ಅದನ್ನು ಹೊಡೆದುಹಾಕಿ. ನಾನೂ ಹಲ್ಲಿನ ಡಾಕ್ಟರೇ. ನನ್ನ ಮೊದಲ ವಿಡಿಯೋ ಶುರುವಾಗಿದ್ದೇ ಆ ಮಾತಿನಿಂದ.

ಅದನ್ನು ನೋಡಿ ಧೈರ್ಯ ಮಾಡಿ ಬಂದವರು ಅಡಿಕೆ ತೋಟದ ಯಜಮಾನರೊಬ್ಬರು. ಕೆಳಗಿನ ದವಡೆ ಹಲ್ಲು, ಎರಡು ರಾತ್ರಿಯಿಂದ ನಿದ್ದೆ ಇರಲಿಲ್ಲ. ಇಂಜೆಕ್ಷನ್ ಕೊಟ್ಟೆ, ಕಾದೆ, ತುಟಿ ದಪ್ಪ ಆಯ್ತು ಅಂದರು, ಕೆಲಸ ಶುರು ಮಾಡಿದೆ. ನರದ ಹತ್ತಿರ ಹೋದದ್ದೇ ತಡ, ಕುರ್ಚಿಯ ಕೈ ಹಿಡಿದು ಎದ್ದು ಕೂತರು. "ವಿಡಿಯೋದಲ್ಲಿ ಬೇರೆ ಹೇಳಿದ್ರಲ್ಲ ಡಾಕ್ಟ್ರೇ!" ನನ್ನ ಹತ್ತಿರ ಉತ್ತರ ಇರಲಿಲ್ಲ.

ನಿಮಗೂ ಗೊತ್ತಿರುವ ವಿಷಯವೇ. ನರ ಕೆರಳಿರುವಾಗ ತುಟಿಗೆ ಜೋಮು ಹಿಡಿದರೂ ಹಲ್ಲು ಪೂರ್ತಿ ಮರಗಟ್ಟದೆ ಉಳಿಯುವುದುಂಟು, ಅದರಲ್ಲೂ ಕೆಳದವಡೆಯಲ್ಲಿ. ಆಗ ಹಲ್ಲಿನ ಪಕ್ಕ ಇನ್ನೊಂದು ಇಂಜೆಕ್ಷನ್ ಬೇಕು. ಕೊಟ್ಟೆ, ಕೆಲಸವೂ ಮುಗಿಯಿತು. ಆದರೆ ಕೊನೆಯವರೆಗೂ ಕುರ್ಚಿಯ ಮೇಲಿನ ಅವರ ಹಿಡಿತ ಸಡಿಲವಾಗಲೇ ಇಲ್ಲ. ನೋವಿಗಿಂತ, ನನ್ನ ಮಾತು ಸುಳ್ಳಾಗಿದ್ದು ಅವರನ್ನು ಜಾಸ್ತಿ ಹೆದರಿಸಿತ್ತು.

ಆಮೇಲೆ ಸ್ಕ್ರಿಪ್ಟನ್ನು ಪೂರ್ತಿ ಬೇರೆ ರೀತಿ ಬರೆದೆ. ನಾನು ಏನು ಮಾಡುತ್ತೇನೆ ಅನ್ನುವುದಕ್ಕಿಂತ ಅವರಿಗೆ ಏನು ಗೊತ್ತಾಗುತ್ತದೆ ಅನ್ನುವುದನ್ನು ಒಂದಾದ ಮೇಲೊಂದರಂತೆ ಹೇಳಿದೆ:

"ಮೊದಲು ವಸಡಿಗೆ ಜೆಲ್ ಹಚ್ತೀನಿ. ಸ್ವಲ್ಪ ಕಹಿ. ಒಂದೆರಡು ನಿಮಿಷಕ್ಕೆ ಅಲ್ಲಿ ಜೋಮು ಹಿಡಿಯುತ್ತೆ. ಆಮೇಲೆ ಇಂಜೆಕ್ಷನ್. ಒಂದು ಚುಚ್ಚು, ಆಮೇಲೆ ಬಿಗಿದ ಹಾಗೆ ಅನಿಸುತ್ತೆ. ಎದೆ ಸ್ವಲ್ಪ ಹೊತ್ತು ಡವಡವ ಅನ್ನಬಹುದು. ಔಷಧಿಯಿಂದ ಹಾಗಾಗುತ್ತೆ, ತಾನಾಗೇ ಇಳಿಯುತ್ತೆ. ಹತ್ತು ನಿಮಿಷ ಕಾಯೋಣ. ತುಟಿ ಊದಿದ ಹಾಗೆ ಅನಿಸುತ್ತೆ, ಕನ್ನಡಿಯಲ್ಲಿ ನೋಡಿದರೆ ಮಾಮೂಲಿಯಾಗೇ ಇರುತ್ತೆ. ಹಲ್ಲಿನ ಸುತ್ತ ತೆಳ್ಳಗಿನ ರಬ್ಬರ್ ಹಾಳೆ ಹಾಕ್ತೀನಿ, ಔಷಧಿ ಗಂಟಲಿಗೆ ಇಳಿಯದಿರಲಿ ಅಂತ. ಮೂಗಿನಲ್ಲಿ ಆರಾಮಾಗಿ ಉಸಿರಾಡಬಹುದು. ಮಷಿನ್ ಸದ್ದು ಕೇಳುತ್ತೆ, ಹಲ್ಲು ಅದುರುತ್ತೆ, ಒತ್ತಿದ ಹಾಗಾಗುತ್ತೆ. ಚುರ್ ಅಂತ ನೋವು ಬಂದರೆ ಎಡಗೈ ಎತ್ತಿ. ನಾನು ನಿಲ್ಲಿಸಿ, ಇನ್ನಷ್ಟು ಔಷಧಿ ಕೊಟ್ಟೇ ಮುಂದುವರಿಸ್ತೀನಿ. ಮನೆಗೆ ಹೋದ ಮೇಲೂ ಎರಡು-ಮೂರು ಗಂಟೆ ಜೋಮು ಇರುತ್ತೆ. ಅದು ಬಿಡೋವರೆಗೆ ಬಿಸಿ ಕಾಫಿ ಬೇಡ, ಊಟ ಬೇಡ. ಕೆಲವು ದಿನ ಕಚ್ಚಿದಾಗ ನೋಯಬಹುದು. ಊತ ಬಂದರೆ ಫೋನ್ ಮಾಡಿ."

ಎಡಗೈ ಅಂತ ಬಾಯಿತಪ್ಪಿ ಹೇಳಿದ್ದಲ್ಲ. ನಾನು ಕೂರುವುದು ಪೇಷೆಂಟ್‌ನ ಬಲಗಡೆ. ಅವರು ಬಲಗೈ ಎತ್ತಿದರೆ ಮಷಿನ್ ಹಿಡಿದ ನನ್ನ ಕೈಗೇ ತಾಗುತ್ತದೆ. ನೀವು ಎಡಗೈಯವರಾದರೆ ಬದಲಾಯಿಸಿಕೊಳ್ಳಿ. ಆದರೆ ವಿಡಿಯೋದಲ್ಲಿ ಮಾತು ಕೊಟ್ಟ ಮೇಲೆ ಕೈ ಎತ್ತಿದ ಕೂಡಲೇ ನಿಲ್ಲಿಸಲೇಬೇಕು. "ಇನ್ನೊಂದೇ ನಿಮಿಷ ತಡ್ಕೊಳ್ಳಿ" ಅಂದರೆ ಮುಗೀತು, ಅವರು ಮತ್ತೆ ನಿಮ್ಮ ಕ್ಲಿನಿಕ್ ಕಡೆ ಬರಲ್ಲ.

ಎದೆ ಡವಡವ ಅನ್ನುವ ಸಾಲು ಬೇಕಾ ಅಂತ ನನ್ನ ಅಸಿಸ್ಟೆಂಟ್ ಕೇಳಿದಳು. ಬೇಕು. ಇಂಜೆಕ್ಷನ್‌ನಲ್ಲಿ ಅಡ್ರಿನಲಿನ್ ಇರುತ್ತದಲ್ವಾ? ಮೊದಲೇ ಹೆದರಿದವರು ಆ ಡವಡವಕ್ಕೆ ಹಾರ್ಟ್ ಅಟ್ಯಾಕ್ ಅಂದುಕೊಳ್ಳುತ್ತಾರೆ. ಹೃದಯದ ತೊಂದರೆ, ಬಿಪಿ ಇರುವವರು ಮೊದಲೇ ತಿಳಿಸಿ ಅಂತ ಪರದೆಯ ಕೆಳಗೆ ಒಂದು ಸಾಲು ಬರಲಿ.

ಸೂಜಿ, ರಕ್ತ, ಹಲ್ಲಿನ ಒಳಗೆ ಉಜ್ಜುವ ಉದ್ದುದ್ದ ಫೈಲ್‌ಗಳನ್ನು ತೋರಿಸಬೇಡಿ. ಹಿನ್ನೆಲೆಯಲ್ಲಿ ಖುಷಿ ಸಂಗೀತವೂ ಬೇಡ, ಸುಮ್ನೆ ಕಿರಿಕಿರಿ. ನಿಮ್ಮ ಮುಖ, ಕುರ್ಚಿ, ಆ ರಬ್ಬರ್ ಹಾಳೆ ಇಷ್ಟು ಕಂಡರೆ ಸಾಕು. ಮಷಿನ್ ಸದ್ದನ್ನು ಮಾತ್ರ ಮೂರು ಸೆಕೆಂಡ್ ಕೇಳಿಸಿ, ಸಣ್ಣ ವಾಲ್ಯೂಮಿನಲ್ಲಿ. ಮನೆಯಲ್ಲಿ ಸೋಫಾ ಮೇಲೆ ಕೂತು ಒಂದು ಸಲ ಕೇಳಿದ ಸದ್ದು ಕುರ್ಚಿಯಲ್ಲಿ ಅಷ್ಟು ಹೊಸದಾಗಿ ಅನಿಸುವುದಿಲ್ಲ.

ಶೂಟ್ ಮಾಡುವ ಮೊದಲು ಡಾಕ್ಟರ್ ಅಲ್ಲದ ಯಾರಿಗಾದರೂ ಓದಿ ಹೇಳಿ. ನಾನು ಅಮ್ಮನಿಗೆ ಓದಿದೆ. ಪೂರ್ತಿ ಕೇಳಿ, "ಎಲ್ಲಾ ಸರಿ, ಇಂಜೆಕ್ಷನ್ ಎಷ್ಟು ಸಲ ಚುಚ್ತೀಯ ಅಂತಾನೇ ಹೇಳ್ಲಿಲ್ಲವಲ್ಲೋ?" ಅಂದರು. "ಸಾಮಾನ್ಯವಾಗಿ ಒಂದೋ ಎರಡೋ, ಕೆಲವರಿಗೆ ಇನ್ನೂ ಒಂದು ಬೇಕಾಗುತ್ತೆ" ಅಂತ ಸೇರಿಸಿದೆ. ವಿಡಿಯೋ ನೋಡಿ ಬರುವವರಲ್ಲಿ ಈಗ ಹೆಚ್ಚಿನವರು ಬಾಯಿ ತೆರೆಯುವ ಮುಂಚೆ ನೆನಪಿಸುವುದು ಅದೇ ಸಾಲನ್ನು.