ಉಳಿದ ಸ್ವೆಟರ್‌ಗೆ ಎಷ್ಟು ಇಳಿಸಲಿ?

"ಮಂಡ್ಯದಲ್ಲಿ ಸಣ್ಣ ಬಟ್ಟೆ ಅಂಗಡಿ. 60 ಸ್ವೆಟರ್ ಉಳಿದಿವೆ. ಅಸಲು 400, ಮಾರೋದು 700. ಒಂದೇ ಸಲ ಅರ್ಧ ಬೆಲೆ ಮಾಡಿಬಿಡಲಾ?"

ಬೇಡ ಸಾರ್. 350ರಂತೆ ಎಲ್ಲಾ ಹೋದರೂ ಅಸಲಿನಲ್ಲೇ 3,000 ನಷ್ಟ. ಸಂಕ್ರಾಂತಿ ಮುಗಿದ ಕೂಡಲೇ 560 ಮಾಡಿ. ಆಗಿನ್ನೂ ಬೆಳಿಗ್ಗೆ ಚಳಿ ಇರುತ್ತೆ, ಬೇಕಾದವರು ಕೊಳ್ಳುತ್ತಾರೆ. ಎರಡು ವಾರದಲ್ಲಿ 24 ಹೋದವು ಅಂದುಕೊಳ್ಳಿ. ಆಮೇಲೆ 455ಕ್ಕೆ ಇನ್ನೊಂದು 24. ಉಳಿದ 12 ಶಿವರಾತ್ರಿಗೆ ಮೊದಲೇ 350ಕ್ಕೆ. ಒಟ್ಟು 28,560 ಬರುತ್ತೆ. ಜಿಎಸ್‌ಟಿ, ಬಾಡಿಗೆ ಕಳೆಯುವ ಮುಂಚೆ 4,560 ಉಳಿಯಿತು, ಅಲ್ವಾ?

ಆದರೆ ಸುಮ್ನೆ ತಾರೀಕಿಗೆ ಕಾಯಬೇಡಿ. ಮೊದಲ ವಾರ ಐದಾರು ಕೂಡ ಹೋಗದಿದ್ದರೆ ಆಗಲೇ 455 ಮಾಡಿ. ನಡುವಿನ ಸೈಜ್ ಮುಗಿದು ಬರೀ ತೀರಾ ಚಿಕ್ಕವು, ದೊಡ್ಡವು ಉಳಿದರೆ ನೇರ 350ಕ್ಕೆ ಹಾಕಿ. ಅವಕ್ಕೆ ಗಿರಾಕಿ ಕಮ್ಮಿ.